ಸ್ಟಾಪ್‌ಲಾಸ್ ಹಿಟ್ ಆದಮೇಲಿನ 45 ನಿಮಿಷ

ಡೊಂಬಿವಲಿಯ ಮನೆಯಲ್ಲಿ ಕೂತು ನಿಫ್ಟಿ ಆಪ್ಷನ್ ಮಾಡುವವನು ನಾನು. ಸ್ಟಾಪ್‌ಲಾಸ್ ಹಾಕಲು ಯಾವತ್ತೂ ಹಿಂದೆಮುಂದೆ ನೋಡಿದವನಲ್ಲ. ನನ್ನ ದುಡ್ಡು ಹೋಗುತ್ತಿದ್ದದ್ದು ಅದು ಹಿಟ್ ಆದಮೇಲೆ.

2025ರ ಫೆಬ್ರವರಿಯ ಒಂದು ಗುರುವಾರ, ಎಕ್ಸ್‌ಪೈರಿ. ಆಗ ಲಾಟ್ 75. ಎರಡು ಲಾಟ್ ಕಾಲ್ 120ಕ್ಕೆ ತಗೊಂಡೆ, 100ಕ್ಕೆ ಸ್ಟಾಪ್ ಹಿಟ್ ಆಯಿತು. 3,000 ರೂಪಾಯಿ, ಮೊದಲೇ ಲೆಕ್ಕಕ್ಕಿಟ್ಟಿದ್ದ ನಷ್ಟ. ಎರಡು ನಿಮಿಷ ಕಳೆಯುವುದರೊಳಗೆ ನಾಲ್ಕು ಲಾಟ್ ಪುಟ್ ತಗೊಂಡಿದ್ದೆ. 95ರದ್ದು 78ಕ್ಕೆ ಇಳಿದು 5,100 ಹೋಯಿತು. ಆಮೇಲೆ ಎಂಟು ಲಾಟ್ ಕಾಲ್. ನಿಫ್ಟಿ ಸ್ವಲ್ಪ ಮೇಲಕ್ಕೇ ಹೋಯಿತು, ಆದರೂ ಮಧ್ಯಾಹ್ನದ ಹೊತ್ತಿಗೆ ಪ್ರೀಮಿಯಂ ಕರಗಿ 12 ರೂಪಾಯಿ ಇಳಿಯಿತು, ಅಂದರೆ 7,200. ಒಟ್ಟು 15,300. ಚಾರ್ಜು ಬೇರೆ.

ಅವತ್ತು ರಾತ್ರಿ ಹಳೆಯ ಟ್ರೇಡ್‌ಬುಕ್ ತೆಗೆದು, ಸ್ಟಾಪ್ ಹಿಟ್ ಆದ ಹೊತ್ತಿಗೂ ಮುಂದಿನ ಎಂಟ್ರಿಗೂ ಎಷ್ಟು ನಿಮಿಷ ಅಂತರ ಅಂತ ಒಂದೊಂದಾಗಿ ಬರೆದೆ. ಹತ್ತು ನಿಮಿಷದೊಳಗಿನ ಎಂಟ್ರಿಗಳನ್ನು ತೆಗೆದುಹಾಕಿದರೆ ಆ ವರ್ಷ ಹೆಚ್ಚುಕಮ್ಮಿ ಲಾಭದಲ್ಲೇ ಇದ್ದೆ.

ಸಿಟ್ಟು ಬಂದದ್ದು ಆಗ ನನಗೇ ಗೊತ್ತಾಗುವುದಿಲ್ಲ, ಕೈ ನೋಡಿದರೆ ಗೊತ್ತಾಗುತ್ತದೆ. ಐದು ನಿಮಿಷದ ಚಾರ್ಟ್ ಬಿಟ್ಟು ಒಂದು ನಿಮಿಷದ್ದಕ್ಕೆ ಹೋಗುತ್ತೇನೆ. ಲಿಮಿಟ್ ಬದಲು ಮಾರ್ಕೆಟ್ ಆರ್ಡರ್ ಒತ್ತುತ್ತೇನೆ. ಎಲ್ಲಕ್ಕಿಂತ ಖಚಿತವಾದದ್ದು, ಸ್ಟ್ರೈಕ್ ಯಾವುದೆಂದು ನೋಡುವ ಮೊದಲೇ ಕ್ವಾಂಟಿಟಿ ಬಾಕ್ಸಿಗೆ ಕೈ ಹೋಗಿರುತ್ತದೆ.

ಮೊದಲು ಹತ್ತು ನಿಮಿಷದ ನಿಯಮ ಮಾಡಿಕೊಂಡೆ. ಚಾರ್ಟ್ ಮುಂದೆಯೇ ಕೂತಿರುತ್ತಿದ್ದರಿಂದ ಹನ್ನೊಂದನೇ ನಿಮಿಷಕ್ಕೆ ಅದೇ ತಪ್ಪು. ಮೊಬೈಲ್ ಆ್ಯಪ್ ಡಿಲೀಟ್ ಮಾಡಿದೆ, ಆದರೆ ಲ್ಯಾಪ್‌ಟಾಪ್ ಇತ್ತು. ಅಕೌಂಟ್‌ನಲ್ಲಿ ಟ್ರೇಡಿಂಗ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿದರೆ ಇನ್ನೊಂದು ಬ್ರೋಕರ್ ಅಕೌಂಟ್ ಇತ್ತು. ಕೊನೆಗೆ ಅದನ್ನು ಮುಚ್ಚಿಸಿದೆ.

ಈಗಿನ ನಿಯಮ ಹೀಗಿದೆ. ಮೊದಲ ಸ್ಟಾಪ್ ಹಿಟ್ ಆದರೆ 45 ನಿಮಿಷ ಮನೆಯಿಂದ ಹೊರಗೆ, ಫೋನ್ ಮನೆಯಲ್ಲಿ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲ್‌ಗೆ ನಡೆದು, ಕಾಫಿ ಕುಡಿದು ಬರಲು ಅಷ್ಟು ಹೊತ್ತು ಬೇಕೇ ಬೇಕು. ವಾಪಸ್ ಬಂದಮೇಲೆ ಮೊದಲಿನಷ್ಟೇ ಲಾಟ್. ಎರಡನೇ ಸ್ಟಾಪ್ ಹಿಟ್ ಆದರೆ ಪೆಂಡಿಂಗ್ ಆರ್ಡರ್ ಎಲ್ಲ ಕ್ಯಾನ್ಸಲ್ ಮಾಡಿ ಕಿಲ್ ಸ್ವಿಚ್. ಪೊಸಿಷನ್ ತೆರೆದಿದ್ದರೆ ನನ್ನ ಬ್ರೋಕರ್‌ನಲ್ಲಿ ಕಿಲ್ ಸ್ವಿಚ್ ಆನ್ ಆಗುವುದಿಲ್ಲ.

"ಭಾವ, ನೀವು ಕಾಫಿ ಕುಡಿಯೋ ಹೊತ್ತಿಗೆ ಮೂವ್ ಮುಗಿದಿರುತ್ತೆ" ಅಂದ ಹೆಂಡತಿಯ ತಮ್ಮ, ಅವನೂ ಟ್ರೇಡರ್. ಅದಕ್ಕೇ ಒಂದು ಪರೀಕ್ಷೆ ಮಾಡಿದೆ: ಹೊರಡುವ ಮೊದಲು, ಕೈ ತುರಿಸುತ್ತಿದ್ದ ಟ್ರೇಡನ್ನು ಸ್ಟ್ರೈಕ್, ಬೆಲೆ, ಸ್ಟಾಪ್ ಸಮೇತ ಚೀಟಿಯಲ್ಲಿ ಬರೆದಿಡುವುದು. ಆ ಟ್ರೇಡ್ ತಗೊಂಡಿದ್ದರೆ ಮೂವತ್ತರಷ್ಟು ಚೀಟಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸ್ಟಾಪ್ ಹಿಟ್ ಆಗುತ್ತಿದ್ದವು. ಕೆಲವು ಒಳ್ಳೆಯ ಮೂವ್ ತಪ್ಪಿದ್ದು ನಿಜ, ಒಂದರಲ್ಲಿ ಎಂಟು ಸಾವಿರದಷ್ಟು.

ವಾಪಸ್ ಬಂದಮೇಲೆ ಎಂಟ್ರಿಗೆ ಏನು ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನದೇ ಇರಲಿ. ಎಂಟು ತಿಂಗಳಾಯಿತು, ಒಂದು ದಿನದ ನಷ್ಟ 6,000 ದಾಟಿದ್ದು ಒಂದೇ ಸಲ, ಅದೂ ಗ್ಯಾಪ್‌ನಲ್ಲಿ. ಹೋದ ತಿಂಗಳಿಂದ ಭಾವಮೈದನೂ ಚೀಟಿ ಬರೆಯುತ್ತಿದ್ದಾನೆ.