ಬುಕಿಂಗ್ ಸಂದೇಶದಲ್ಲಿ ದಿನ, ಹೊತ್ತು, ರೂಮು: ತಪ್ಪಿಲ್ಲದೆ ಬರೆಯುವುದು ಹೇಗೆ?

ಮಡಿಕೇರಿಯ ಹೋಮ್‌ಸ್ಟೇಯೊಂದಕ್ಕೆ ಅಮೆರಿಕದಲ್ಲಿರುವ ನೆಂಟರು 05/12/2026 ಎಂದು ಬರೆದು ಕಳಿಸಿದರೆ, ಮಾಲೀಕರು ಅದನ್ನು ಡಿಸೆಂಬರ್ 5 ಎಂದು ಓದುತ್ತಾರೆ. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ರೂಢಿಯಲ್ಲಿ ಅದು ಮೇ 12. ದಿನದ ಅಂಕಿ 12ನ್ನು ದಾಟಿದ್ದರೆ ಗೊಂದಲ ತಾನಾಗಿಯೇ ಬಯಲಾಗುತ್ತದೆ, ಅದರೊಳಗಿದ್ದರೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಆದ್ದರಿಂದ ತಿಂಗಳನ್ನು ಹೆಸರಿನಿಂದಲೇ ಬರೆದು, ಜೊತೆಗೆ ವಾರವನ್ನೂ ಸೇರಿಸಬೇಕು. 2026ರ ಡಿಸೆಂಬರ್ 5 ಶನಿವಾರ, ಮೇ 12 ಮಂಗಳವಾರ. ಹಾಗಾಗಿ ವಾರ ಹೊಂದದಿದ್ದರೆ ಕ್ಯಾಲೆಂಡರ್ ನೋಡಿದವರಿಗೆ ತಪ್ಪು ಕೂಡಲೇ ತಿಳಿಯುತ್ತದೆ. ಕನ್ನಡ ಅಂಕಿಗಳು ನೋಡಲು ಚೆಂದ, ಆದರೆ ೬ ಮತ್ತು ೯ ಕೈಬರಹದಲ್ಲಿ ಕನ್ನಡಿಗರನ್ನೇ ತಡವರಿಸುವಂತೆ ಮಾಡುವುದರಿಂದ, ನೆಂಟರೂ ಮಾಲೀಕರೂ ಓದುವ ಸಂದೇಶದಲ್ಲಿ 6, 9 ಎಂಬ ರೂಪಗಳೇ ಇರಲಿ.

ಹೊತ್ತಿನ ವಿಷಯ ಇನ್ನೂ ಸೂಕ್ಷ್ಮ. ನಮಗೆ ಮಲಗಿ ಏಳುವ ತನಕ ಒಂದೇ ರಾತ್ರಿ, ಗಡಿಯಾರಕ್ಕೆ ಹಾಗಲ್ಲ. ‘ಶುಕ್ರವಾರ ರಾತ್ರಿ ಒಂದು ಗಂಟೆ’ ಎಂದರೆ ಲೆಕ್ಕದ ಪ್ರಕಾರ ಶನಿವಾರ 01:00. ಬರೀ 12 ಗಂಟೆ ಎಂದಂತೂ ಬರೆಯಲೇಬಾರದು. ‘ಮಧ್ಯಾಹ್ನ 12’ ಎನ್ನಬೇಕು, ಮಧ್ಯರಾತ್ರಿಯಾದರೆ ರೈಲ್ವೆ ವೇಳಾಪಟ್ಟಿಯಂತೆ 23:59 ಅಥವಾ 00:01 ಎಂದು ಬರೆದು ತಾರೀಖು ಹಾಕಬೇಕು.

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತಿ ಶನಿವಾರ ಬೆಳಗಿನ ಜಾವ 4:30ಕ್ಕೆ ಇಳಿಯುವ ಕುಟುಂಬವನ್ನು ನೋಡೋಣ. ಚೆಕ್‌-ಇನ್ ಮಧ್ಯಾಹ್ನ 12ಕ್ಕೆ ಎಂಬ ನಿಯಮವಿದ್ದಲ್ಲಿ, ಇಳಿದ ಕೂಡಲೇ ರೂಮು ಖಚಿತವಾಗಿ ಬೇಕೆಂದರೆ ಸಾಮಾನ್ಯವಾಗಿ ಶುಕ್ರವಾರದ ರಾತ್ರಿಯನ್ನೂ ಬುಕ್ ಮಾಡಬೇಕಾಗುತ್ತದೆ. ಭಾನುವಾರ ಬೆಳಿಗ್ಗೆ ಹೊರಟರೆ ಒಟ್ಟು 2 ರಾತ್ರಿ. ಇದನ್ನೇ ‘ಎರಡು ದಿನ’ ಎಂದು ಬರೆದರೆ ಶನಿವಾರ, ಭಾನುವಾರ ಎಂದುಕೊಳ್ಳುವವರೇ ಹೆಚ್ಚು. ಲೆಕ್ಕ ಯಾವಾಗಲೂ ರಾತ್ರಿಗಳದ್ದೇ ಆಗಿರಬೇಕು.

ಕೊನೆಗೆ ರೂಮುಗಳು. ‘ಡಬಲ್ ರೂಮ್ ಬೇಕು’ ಎಂದರೆ ಇಬ್ಬರು ಮಲಗುವ ಒಂದು ಕೋಣೆಯೂ ಆಗಬಹುದು, ಎರಡು ಕೋಣೆಯೂ ಆಗಬಹುದು. ‘2+1’ ಎಂಬುದು ಅದಕ್ಕಿಂತ ಕೆಟ್ಟದ್ದು: ಜನವೋ, ರೂಮೋ, ಹಾಸಿಗೆಯೋ ಓದಿದವರಿಗೆ ಬಿಟ್ಟದ್ದು. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವುದರ ಲೆಕ್ಕ ಎಂದು ಬರೆದು, ಎಷ್ಟು ರೂಮು ಎಂಬುದನ್ನು ಅಕ್ಷರದಲ್ಲೂ ಕೊಡುವುದು ಕ್ಷೇಮ. ಮೇಲಿನ ಕುಟುಂಬದ ಸಂದೇಶ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೀಗಿರಬಹುದು:

```
ರೂಮ್ ಬೇಕಾದ ರಾತ್ರಿಗಳು: ಶುಕ್ರ 4, ಶನಿ 5 ಡಿಸೆಂಬರ್ 2026 (2 ರಾತ್ರಿ)
ತಲುಪುವುದು: ಶನಿ 5, ಬೆಳಗಿನ ಜಾವ 4:30
ಹೊರಡುವುದು: ಭಾನು 6, ಬೆಳಿಗ್ಗೆ 11:00
ರೂಮು: 2 (ಎರಡು), ಹೆಚ್ಚುವರಿ ಹಾಸಿಗೆ: 1
ಜನ: ದೊಡ್ಡವರು 5, ಮಗು 1

Nights: Fri 4, Sat 5 Dec 2026 (2 nights)
Arrive: Sat 5 Dec, 04:30
Leave: Sun 6 Dec, 11:00
Rooms: 2 (two), extra bed: 1
Guests: 5 adults, 1 child
```

ಆಮೇಲೆ ಬದಲಾವಣೆ ಬಂದರೆ ಒಂದು ಭಾಷೆಯ ಸಾಲನ್ನಷ್ಟೇ ತಿದ್ದದೆ, ಎರಡನ್ನೂ ತಿದ್ದಿ ಇಡೀ ಸಂದೇಶವನ್ನು ಮತ್ತೆ ಕಳಿಸಬೇಕು. ಮಾಲೀಕರಿಂದ ‘ಓಕೆ’ ಎಂಬ ಉತ್ತರವಷ್ಟೇ ಬಂದರೆ, ‘ಯಾವ ತಾರೀಖು, ಯಾವ ವಾರದಿಂದ, ಎಷ್ಟು ರಾತ್ರಿಗೆ ಬರೆದುಕೊಂಡಿದ್ದೀರಿ ಸರ್?’ ಎಂದು ಕೇಳಿ, ಉತ್ತರ ನೋಡಿದ ಮೇಲೆಯೇ ಮುಂಗಡ ಕಳಿಸಿ.