ಕ್ಯಾಲ್ಸಿಯಂಗೆ ಹೊಟ್ಟೆ ಕಟ್ಕೊಳ್ಳುತ್ತೆ, ಮೆಗ್ನೀಷಿಯಂಗೆ ಲೂಸ್ ಆಗುತ್ತೆ: ನಮ್ಮನೆಯಲ್ಲಿ ಮಾತ್ರೆ ಹೇಗೆ ಬದಲಾಯಿಸಿದೆ (ನನ್ನ ಅನುಭವ)

ನಾನು ಚಿಂತಾಮಣಿಯಲ್ಲಿ ಮೆಡಿಕಲ್ ಸ್ಟೋರ್ ನಡೆಸ್ತೀನಿ, ಡಿ ಫಾರ್ಮ ಓದಿದ್ದೀನಿ. ಕ್ಯಾಲ್ಸಿಯಂ ಮಾತ್ರೆ ತಗೊಂಡು ಹೋದೋರು ಸ್ವಲ್ಪ ದಿನ ಬಿಟ್ಟು ಮತ್ತೆ ಬಂದು, ಆಕಡೆ ಈಕಡೆ ನೋಡಿ ದನಿ ತಗ್ಗಿಸಿ "ಮೇಡಂ ಮೋಷನ್ ಸರಿಯಾಗಿ ಆಗ್ತಿಲ್ಲ, ಏನಾದ್ರೂ ಕೊಡಿ" ಅಂತಾರೆ. ಇದು ನನಗೆ ಮಾಮೂಲಿ. ಬಹಳಷ್ಟು ಜನ ಸಿರಪ್ ಇಸ್ಕೊಂಡು ಹೋಗ್ತಾರೆ, ಆ ಮಾತ್ರೆನೂ ನುಂಗ್ತಾರೆ, ಈ ಸಿರಪ್ಪೂ ಕುಡೀತಾರೆ, ಎರಡಕ್ಕೂ ದುಡ್ಡು. ನಮ್ಮನೆಯಲ್ಲೇ ನಮ್ಮತ್ತೆಗೆ ಹೀಗಾದಾಗ ನಾನು ಏನ್ ಮಾಡಿದೆ ಅಂತ ಬರೀತೀನಿ, ಅದ್ರಲ್ಲಿ ಬೇರೆಯವರಿಗೂ ಉಪಯೋಗ ಆಗೋ ವಿಷಯ ಇದೆ.

ಅತ್ತೆ ಹಿತ್ತಲಲ್ಲಿ ನೀರಿನ ಡ್ರಮ್ ಹತ್ರ ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡ್ರು. ಕೋಲಾರದಲ್ಲಿ ಮೂಳೆ ಡಾಕ್ಟರ್ ಹತ್ರ ತೋರಿಸಿ ಪಟ್ಟಿ ಹಾಕಿಸಿದ್ವಿ. ಚೀಟಿಯಲ್ಲಿ ಕ್ಯಾಲ್ಸಿಯಂ 500 ಬೆಳಿಗ್ಗೆ ಒಂದು ರಾತ್ರಿ ಒಂದು, ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ3, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್, ನೋವಿಗೆ ಟ್ರಮಡಾಲ್ ಸೇರಿರೋ ಮಾತ್ರೆ. ಇನ್ನೂ ವಾರ ಕಳ್ದಿಲ್ಲ, ಅತ್ತೆ "ಈ ಸುಣ್ಣದ ಮಾತ್ರೆ ನಂಗೆ ಬೇಡಮ್ಮ, ಹೊಟ್ಟೆ ಕಲ್ಲಾಗೋಗಿದೆ" ಅಂತ ಶುರು ಮಾಡಿದ್ರು.

ಇಲ್ಲಿ ಒಂದು ಮಾತು. ಎಲ್ಲಾ ತಪ್ಪನ್ನೂ ಕ್ಯಾಲ್ಸಿಯಂ ತಲೆಗೆ ಕಟ್ಟಬಾರದು. ಟ್ರಮಡಾಲ್ ಇರೋ ನೋವಿನ ಮಾತ್ರೆ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತೆ, ಅದಕ್ಕಿಂತ ದೊಡ್ಡ ಕಳ್ಳ ಇನ್ನೊಬ್ಬ ಇಲ್ಲ. ಐರನ್ ಮಾತ್ರೆ ತಗೊಳ್ಳೋರಿಗೆ ಅದೂ ಕಟ್ಟಿಸುತ್ತೆ. ಹಾಗಾಗಿ ನಾನು ಮೊದ್ಲು ಮುಟ್ಟಿದ್ದು ಕ್ಯಾಲ್ಸಿಯಂ ಅಲ್ಲ. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ, ನೋವು ತಡ್ಕೊಳ್ಳೋ ಅಷ್ಟಾದ್ಮೇಲೆ ಟ್ರಮಡಾಲ್ ನಿಲ್ಸಿ ಬರೀ ಪ್ಯಾರಾಸಿಟಮಾಲ್ ಕೊಟ್ಟೆ, ಮಿಕ್ಕಿದ್ದು ಯಾವುದನ್ನೂ ಬದಲಾಯಿಸ್ಲಿಲ್ಲ. ಒಂದೇ ಸಲ ಎರಡು ಮೂರು ಬದಲಾಯಿಸಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತೇ ಆಗಲ್ಲ. ಸ್ವಲ್ಪ ಹಗುರ ಆಯ್ತು, ಆದ್ರೆ ಪೂರ್ತಿ ಅಲ್ಲ. ಹೊಟ್ಟೆ ಉಬ್ಬರ, ತೇಗು, ಎರಡು ದಿನಕ್ಕೊಂದ್ಸಲ ಗಟ್ಟಿ ಗಟ್ಟಿ, ಅದು ಮುಂದುವರೀತು. ಆಗ ಸ್ಟ್ರಿಪ್ ತಿರುಗಿಸಿ ನೋಡೋ ಸಮಯ ಬಂತು.

ಸ್ಟ್ರಿಪ್ ಮುಂದೆ ದೊಡ್ಡದಾಗಿ 500 ಅಂತ ಇರುತ್ತೆ, ಹಿಂದೆ ಸಣ್ಣ ಅಕ್ಷರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಗ್ರಾಂ ಅಂತ ಇರುತ್ತೆ. ಅಂದ್ರೆ ಮಾತ್ರೆಲಿರೋ ಪುಡಿ 1250, ಅದ್ರಲ್ಲಿ ಶೇಕಡಾ 40 ಮಾತ್ರ ನಿಜವಾದ ಕ್ಯಾಲ್ಸಿಯಂ, ಅದೇ 500. ಕಾರ್ಬೊನೇಟ್ ಚೀಪು, ಒಂದೇ ಮಾತ್ರೆಲಿ ಜಾಸ್ತಿ ಕ್ಯಾಲ್ಸಿಯಂ ಹಿಡಿಯುತ್ತೆ, ಅದಕ್ಕೇ ಎಲ್ರೂ ಅದನ್ನೇ ಬರೀತಾರೆ, ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ಅದು ಕರಗೋಕೆ ಹೊಟ್ಟೆಯ ಆಸಿಡ್ ಬೇಕು, ಕರಗುವಾಗ ಗ್ಯಾಸ್ ಬಿಡುತ್ತೆ, ಊಟದ ಜೊತೆ ತಗೊಂಡ್ರೇನೇ ಸರಿಯಾಗಿ ಮೈಗೆ ಹತ್ತುತ್ತೆ. ಅತ್ತೆ ಏನ್ ಮಾಡ್ತಿದ್ರು ಅಂದ್ರೆ ಬೆಳಿಗ್ಗೆ ಖಾಲಿ ಹೊಟ್ಟೆಲಿ ಪ್ಯಾಂಟೊಪ್ರಜೋಲ್ ಜೊತೆಗೇ ಇದನ್ನೂ ನುಂಗಿ ಬಿಡ್ತಿದ್ರು, ಎಲ್ಲಾ ಒಂದೇ ಸಲ ಮುಗೀಲಿ ಅಂತ. ಪ್ಯಾಂಟೊಪ್ರಜೋಲ್ ಕೆಲ್ಸಾನೇ ಆಸಿಡ್ ಕಮ್ಮಿ ಮಾಡೋದು. ಆಸಿಡ್ಡೂ ಇಲ್ಲ, ಊಟಾನೂ ಇಲ್ಲ, ಇನ್ನು ಆ ಕಾರ್ಬೊನೇಟ್ ಎಲ್ಲಿ ಕರಗುತ್ತೆ? ಮೂಳೆಗೆ ಹೋಗ್ಬೇಕಾಗಿದ್ದು ಕರುಳಲ್ಲೇ ಉಳಿಯುತ್ತೆ.

ಮೊದ್ಲು ಅತ್ತೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದೆ, ಇದನ್ನ ಯಾರೂ ಮಾಡಲ್ಲ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ ಸುಮಾರು 1200 ಮಿಗ್ರಾಂ ಅಂತಾರೆ, ಅದು ಮಾತ್ರೆಯಿಂದ ಅಲ್ಲ, ಊಟ ಮಾತ್ರೆ ಎಲ್ಲಾ ಸೇರಿ. ನಮ್ಮ ಕಡೆ ರಾಗಿ ಇಲ್ದೆ ಊಟ ಇಲ್ಲ, ಅತ್ತೆ ದಿನಕ್ಕೊಂದು ಮುದ್ದೆ ತಿಂತಾರೆ, ಅದಕ್ಕೆ ಹಿಟ್ಟು 80 ಗ್ರಾಂ ಹತ್ರ ಆಗುತ್ತೆ. 100 ಗ್ರಾಂ ರಾಗಿಲಿ 360 ಮಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಂದ್ರೆ ಮುದ್ದೆಯಿಂದ 290. ಅದಷ್ಟೂ ಮೈಗೆ ಹತ್ತಲ್ಲ, ರಾಗಿಲಿರೋ ಫೈಟೇಟ್ ಅನ್ನೋ ಅಂಶ ಒಂದಿಷ್ಟು ಹಿಡಿದಿಟ್ಕೊಳ್ಳುತ್ತೆ, ಆದ್ರೂ ಲೆಕ್ಕಕ್ಕೆ ಇರ್ಲಿ. ಕಾಫಿ ಹಾಲು, ರಾತ್ರಿ ಒಂದು ಲೋಟ ಹಾಲು, ಮೊಸರು ಎಲ್ಲಾ ಸೇರಿ 400 ಎಂಎಲ್, ಅದ್ರಿಂದ 480. ಒಟ್ಟು 770. ಕಮ್ಮಿ ಬೀಳೋದು 430 ಮಾತ್ರ, ನಾವು ಕೊಡ್ತಿದ್ದಿದ್ದು 1000. ಕ್ಯಾಲ್ಸಿಯಂ ಒಂದೇ ಸಲಕ್ಕೆ 500ಕ್ಕಿಂತ ಜಾಸ್ತಿ ಕೊಟ್ರೆ ಹೀರಿಕೊಳ್ಳೋ ಪ್ರಮಾಣನೂ ಇಳಿಯುತ್ತೆ, ಹಾಗಾಗಿ ಚೂರು ಚೂರಾಗಿ ಕೊಡೋದೇ ವಾಸಿ.

ಈ ಲೆಕ್ಕದ ಚೀಟಿ ಹಿಡ್ಕೊಂಡು ಪಟ್ಟಿ ಬಿಚ್ಚಿಸೋಕೆ ಹೋದಾಗ ಡಾಕ್ಟರ್‌ಗೆ ತೋರಿಸಿದೆ. ಅವರು ನೋಡಿ ನಕ್ಕು "ಸರಿ, ಸಿಟ್ರೇಟ್‌ಗೆ ಹಾಕಣ" ಅಂದ್ರು. ಕ್ಯಾಲ್ಸಿಯಂ ಸಿಟ್ರೇಟ್‌ಗೆ ಆಸಿಡ್ ಅಷ್ಟು ಬೇಡ, ಊಟದ ಜೊತೆ ಆದ್ರೂ ಸರಿ ಮಧ್ಯದಲ್ಲಾದ್ರೂ ಸರಿ, ಗ್ಯಾಸ್ ಮಾತ್ರೆ ತಗೊಳ್ಳೋರಿಗೆ ಇದೇ ಒಳ್ಳೇದು, ಹೊಟ್ಟೆ ಕಟ್ಟೋದೂ ಸಾಮಾನ್ಯವಾಗಿ ಕಮ್ಮಿ. ಆದ್ರೆ ಇದ್ರಲ್ಲಿ ಜನ ಮೋಸ ಹೋಗೋ ಜಾಗ ಒಂದಿದೆ. ಸ್ಟ್ರಿಪ್ ಮೇಲೆ ಕ್ಯಾಲ್ಸಿಯಂ ಸಿಟ್ರೇಟ್ 1000 ಅಂತ ನೋಡಿ "ಓ ಇದ್ರಲ್ಲಿ ಡಬಲ್ ಇದೆ" ಅನ್ಕೊಳ್ತಾರೆ. ಸಿಟ್ರೇಟ್‌ಲಿ ನಿಜವಾದ ಕ್ಯಾಲ್ಸಿಯಂ ಶೇಕಡಾ 21 ಮಾತ್ರ, ಅಂದ್ರೆ 210. ಬೆಳಿಗ್ಗೆ ತಿಂಡಿಗೆ ಒಂದು ರಾತ್ರಿ ಊಟಕ್ಕೊಂದು ಅಂದ್ರೆ 420, ನಮಗೆ ಬೇಕಿದ್ದಿದ್ದೂ ಅಷ್ಟೇ ಹತ್ರ ಹತ್ರ. ಕಾರ್ಬೊನೇಟ್‌ಗಿಂತ ರೇಟ್ ಜಾಸ್ತಿ, ಮಾತ್ರೆ ದಪ್ಪ, ಅತ್ತೆ ಅರ್ಧ ಮುರಿದು ನುಂಗ್ತಾರೆ.

ಮಾರ್ಕೆಟ್‌ನಲ್ಲಿ ಸಿಗೋ ಸಿಟ್ರೇಟ್ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಮೆಗ್ನೀಷಿಯಂ ಹೈಡ್ರಾಕ್ಸೈಡ್, ಜಿಂಕ್, ಡಿ3 ಎಲ್ಲಾ ಸೇರಿರುತ್ತೆ. ಮೆಗ್ನೀಷಿಯಂ ಹೈಡ್ರಾಕ್ಸೈಡ್ ಅಂದ್ರೆ ಬೇರೇನಲ್ಲ, ಮೋಷನ್‌ಗೆ ಕುಡಿಯೋ ಬಿಳಿ ಮಿಲ್ಕ್ ಆಫ್ ಮೆಗ್ನೀಷಿಯಾ ಇದ್ಯಲ್ಲ, ಅದೇ. ಕ್ಯಾಲ್ಸಿಯಂ ಕಟ್ಟಿಸಿದ್ರೆ ಇದು ಸಡಿಲಿಸುತ್ತೆ ಅಂತ ನಾನೂ ಇದನ್ನೇ ಅತ್ತೆಗೆ ಕೊಡೋಣ ಅಂದ್ಕೊಂಡಿದ್ದೆ. ಮಾತ್ರೆಲಿ 100 ಮಿಗ್ರಾಂ ಇದ್ರೆ ನಿಜವಾದ ಮೆಗ್ನೀಷಿಯಂ 42 ಅಷ್ಟೇ, ಅದ್ರಿಂದ ಹೊಟ್ಟೆಗೆ ಅಂಥಾ ವ್ಯತ್ಯಾಸ ಏನೂ ಆಗಲ್ಲ, ಅದೂ ಅಲ್ದೆ ಅತ್ತೆ ರಿಪೋರ್ಟಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇತ್ತು. ಕಿಡ್ನಿ ವೀಕ್ ಇರೋರಿಗೆ ಮೆಗ್ನೀಷಿಯಂ ಆಚೆ ಹೋಗದೆ ರಕ್ತದಲ್ಲೇ ಸೇರ್ಕೊಳ್ಳುತ್ತೆ, ಅದು ಡೇಂಜರ್. ಡಾಕ್ಟರ್ ಬೇಡ ಅಂದ್ರು, ಸಿಟ್ರೇಟ್ ಮತ್ತೆ ಡಿ3 ಮಾತ್ರ ಇರೋದು ಹುಡುಕಿ ಕೊಟ್ಟೆ. ಜೊತೆಗೆ ರಾತ್ರಿ ಒಂದು ಚಮಚ ಇಸಬ್‌ಗೋಲ್, ಅದ್ರ ಮೇಲೆ ದೊಡ್ಡ ಲೋಟ ನೀರು, ಮಾತ್ರೆಗೂ ಇದಕ್ಕೂ ಒಂದೆರಡು ಗಂಟೆ ಗ್ಯಾಪ್. ನೀರು ಕಮ್ಮಿ ಕುಡಿದು ಇಸಬ್‌ಗೋಲ್ ತಿಂದ್ರೆ ಇನ್ನೂ ಕಟ್ಟುತ್ತೆ, ಅದನ್ನ ನೆನಪಿಡ್ಬೇಕು. ಸ್ವಲ್ಪ ದಿನದಲ್ಲಿ ಹೊಟ್ಟೆ ಉಬ್ಬರ ಹೋಯ್ತು, ಮೋಷನ್ ದಿನಾ ಆಗೋಕೆ ಶುರುವಾಯ್ತು, ಆಮೇಲೆ ಇಸಬ್‌ಗೋಲೂ ಬಿಟ್ರು.

ಇನ್ನೊಂದು ಗಮನಿಸಬೇಕಾದ್ದು. ಡಿ3 60,000 ವಾರಕ್ಕೊಂದು ಅಂತ ಕೆಲವು ವಾರಕ್ಕೆ ಬರೆದಿರ್ತಾರೆ, ಜನ ಚೀಟಿ ಇಟ್ಕೊಂಡು ತಿಂಗಳುಗಟ್ಲೆ ತಗೊಳ್ತಾನೇ ಇರ್ತಾರೆ, ಕೆಲವ್ರು ದಿನಾನೂ. ಅದ್ರ ಜೊತೆ ಕ್ಯಾಲ್ಸಿಯಂ ಬೇರೆ. ರಕ್ತದಲ್ಲೇ ಕ್ಯಾಲ್ಸಿಯಂ ಏರಿದ್ರೂ ಹೊಟ್ಟೆ ಕಟ್ಟುತ್ತೆ, ಆದ್ರೆ ಅದ್ರ ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ, ಊಟ ಸೇರಲ್ಲ, ವಾಕರಿಕೆ, ಮಂಕು ಇರುತ್ತೆ. ಅಂಥೋರಿಗೆ ನಾನು ಮಾತ್ರೆ ಬದಲಾಯಿಸಿ ಕೊಡಲ್ಲ, ಅವತ್ತೇ ಮಾತ್ರೆ ನಿಲ್ಸಿ ಡಾಕ್ಟರ್ ಹತ್ರ ಕಳಿಸ್ತೀನಿ, ಅವರು ರಕ್ತದಲ್ಲಿ ಕ್ಯಾಲ್ಸಿಯಂ ಟೆಸ್ಟ್ ಮಾಡಿಸ್ತಾರೆ.

ಇದು ಅತ್ತೆ ಕಥೆ ಆಯ್ತು, ನನ್ನ ಮೈದುನಂದು ಉಲ್ಟಾ. ಟೊಮೇಟೊ ತೋಟ ಮಾಡ್ತಾನೆ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ ಅಂತ ಯಾರೋ ಹೇಳಿದ್ ಕೇಳಿ ಆನ್‌ಲೈನ್‌ನಲ್ಲಿ ಮೆಗ್ನೀಷಿಯಂ ಬಾಟ್ಲಿ ತರಿಸಿದ್ದ. ಬೆಳಿಗ್ಗೆ ತೋಟಕ್ಕೆ ಹೋಗೋ ಮುಂಚೆ ಖಾಲಿ ಹೊಟ್ಟೆಲಿ ಎರಡು ನುಂಗೋನು, ಮಧ್ಯಾಹ್ನದೊಳಗೆ ನೀರು ನೀರಾಗಿ ಮೂರ್ನಾಲ್ಕು ಸಲ. "ಅತ್ತಿಗೆ, ನೀರು ಸರಿ ಇಲ್ಲ ಅನ್ಸುತ್ತೆ, ಮಾತ್ರೆ ಕೊಡಿ" ಅಂತ ಬಂದ. ಜ್ವರ ಇಲ್ಲ, ರಕ್ತ ಇಲ್ಲ, ಹೊಟ್ಟೆ ನುಲಿಯಲ್ಲ, ರಾತ್ರಿ ಹೊತ್ತು ಏನೂ ಇಲ್ಲ, ಬೆಳಿಗ್ಗೆ ಮಾತ್ರೆ ಆದ್ಮೇಲೆ ಮಾತ್ರ. ಬಾಟ್ಲಿ ತರಿಸಿ ನೋಡಿದ್ರೆ ಮೆಗ್ನೀಷಿಯಂ ಆಕ್ಸೈಡ್ ಮತ್ತೆ ಸಿಟ್ರೇಟ್ ಸೇರಿ, ಎರಡು ಮಾತ್ರೆಗೆ ನಿಜವಾದ ಮೆಗ್ನೀಷಿಯಂ 400 ದಾಟಿತ್ತು. ಆಕ್ಸೈಡ್ ಮೈಗೆ ಹತ್ತೋದು ಬಹಳ ಕಮ್ಮಿ, ಕರುಳಲ್ಲೇ ಉಳಿದು ನೀರನ್ನ ಎಳ್ಕೊಳ್ಳುತ್ತೆ. ಅದಕ್ಕೇ ಜಪಾನಲ್ಲಿ ಮೆಗ್ನೀಷಿಯಂ ಆಕ್ಸೈಡನ್ನ ಮಲಬದ್ಧತೆಗೇ ಔಷಧಿ ಅಂತ ಕೊಡ್ತಾರೆ. ಮಾತ್ರೆಯಿಂದ ಬರೋ ಮೆಗ್ನೀಷಿಯಂ ದಿನಕ್ಕೆ 350 ದಾಟಬಾರದು ಅಂತ ಅಮೆರಿಕದಲ್ಲಿ ಮಿತಿ ಇಟ್ಟಿರೋದಕ್ಕೂ ಇದೇ ಭೇದಿನೇ ಕಾರಣ.

ಬಾಟ್ಲಿ ಪಕ್ಕಕ್ಕಿಡಿಸಿದೆ, ಒಂದೆರಡು ದಿನದಲ್ಲಿ ನಿಂತೋಯ್ತು, ಆಂಟಿಬಯೋಟಿಕ್ ಏನೂ ಬೇಕಾಗ್ಲಿಲ್ಲ. ಆಮೇಲೆ ಬೇಕೇ ಬೇಕು ಅಂದಾಗ ಮೆಗ್ನೀಷಿಯಂ ಗ್ಲೈಸಿನೇಟ್ ಕೊಟ್ಟೆ, ರಾತ್ರಿ ಊಟ ಆದ್ಮೇಲೆ ಒಂದೇ. ಇದು ಹೊಟ್ಟೆಗೆ ಮೃದು. ಇಲ್ಲೂ ಲೇಬಲ್ ಆಟ ಇದೆ, ಗ್ಲೈಸಿನೇಟ್ 1000 ಅಂದ್ರೆ ನಿಜವಾದ ಮೆಗ್ನೀಷಿಯಂ 140 ಹತ್ರ ಅಷ್ಟೇ. ಬಫರ್ಡ್ ಅಂತ ಬರ್ದಿದ್ರೆ ಸಾಮಾನ್ಯವಾಗಿ ಒಳಗೆ ಆಕ್ಸೈಡ್ ಬೆರೆಸಿರ್ತಾರೆ, ರೇಟ್ ಗ್ಲೈಸಿನೇಟ್‌ದು, ಹೊಟ್ಟೆ ಓಡೋದು ಆಕ್ಸೈಡ್‌ದು. ಅವನಿಗೆ ಲೂಸ್ ಮತ್ತೆ ಆಗ್ಲಿಲ್ಲ. ಕಾಲು ಹಿಡಿಯೋದು ಕಮ್ಮಿಯಾಯ್ತು ಅಂತಾನೆ, ಆದ್ರೆ ಬಿಸಿಲಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕುಡಿಯೋಕೆ ಶುರು ಮಾಡಿದ್ದೂ ಅದೇ ಟೈಮಲ್ಲಿ, ಅದಕ್ಕೇ ನಾನು ಮೆಗ್ನೀಷಿಯಂಗೆ ಕ್ರೆಡಿಟ್ ಕೊಡಲ್ಲ, ಕಾಲು ಹಿಡಿಯೋದಕ್ಕೆ ಅದ್ರಿಂದ ದೊಡ್ಡ ಲಾಭ ಇದೆ ಅಂತ ಸ್ಟಡಿಗಳೂ ಹೇಳಲ್ಲ.

ಥೈರಾಯ್ಡ್ ಮಾತ್ರೆ ತಗೊಳ್ಳೋರು ಯಾವ ಕ್ಯಾಲ್ಸಿಯಂ ಮೆಗ್ನೀಷಿಯಂ ಆದ್ರೂ ನಾಲ್ಕು ಗಂಟೆ ಬಿಟ್ಟೇ ತಗೋಬೇಕು, ಇಲ್ಲಾಂದ್ರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ಅಂಥೋರಿಗೆ ನಾನು ಸ್ಟ್ರಿಪ್ ಮೇಲೆ ಪೆನ್ನಲ್ಲಿ "ಮಧ್ಯಾಹ್ನ ಊಟ, ರಾತ್ರಿ ಊಟ" ಅಂತ ಬರ್ದೇ ಕೊಡ್ತೀನಿ.