ಪಿಪಿಎಫ್ ಕಂತು: 5ರ ಒಳಗೆ ಕಟ್ಟಿ

ಪಿಪಿಎಫ್ ಖಾತೆಗೆ ತಿಂಗಳು ತಿಂಗಳು ಹಣ ಕಟ್ಟುವವರು ದಯವಿಟ್ಟು ತಾರೀಖು ಗಮನಿಸಿ. 5ನೇ ತಾರೀಖಿನ ಮುಕ್ತಾಯದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ. 6ರಂದು ಕಟ್ಟಿದರೂ 30ರಂದು ಕಟ್ಟಿದರೂ ಒಂದೇ, ಆ ತಿಂಗಳ ಬಡ್ಡಿ ಹೋಯಿತು.

ತಿಂಗಳಿಗೆ ₹5,000, ಬಡ್ಡಿ ಶೇ 7.1 ಎಂದುಕೊಳ್ಳಿ. ಏಪ್ರಿಲ್‌ನಿಂದ ಪ್ರತಿ ತಿಂಗಳೂ 5ರೊಳಗೆ ಕಟ್ಟಿದರೆ ವರ್ಷಕ್ಕೆ ಸುಮಾರು ₹2,307 ಬಡ್ಡಿ. ತಿಂಗಳ ಕೊನೆಗೆ ಕಟ್ಟಿದರೆ ₹1,952. ವ್ಯತ್ಯಾಸ ₹355, ಅಂದರೆ ಒಂದು ಕಂತಿನ ಇಡೀ ವರ್ಷದ ಬಡ್ಡಿ! ದರ ಹೀಗೆಯೇ ಇದ್ದರೆ 15 ವರ್ಷಗಳಲ್ಲಿ ಇದು ಚಕ್ರಬಡ್ಡಿ ಸೇರಿ ₹9,000ದ ಹತ್ತಿರ ಬರುತ್ತದೆ.

ಸಂಬಳ 1ಕ್ಕೆ ಬರುವವರು ಸ್ವಯಂ ವರ್ಗಾವಣೆಯನ್ನು 2 ಅಥವಾ 3ಕ್ಕೆ ಇಟ್ಟುಕೊಳ್ಳಿ. ಚೆಕ್ ಕೊಡುವವರು ಇನ್ನೂ ಮುಂಚೆ ಕೊಡಬೇಕು, ಏಕೆಂದರೆ ಹಣ ಜಮೆಯಾದ ದಿನವೇ ಲೆಕ್ಕಕ್ಕೆ ಬರುತ್ತದೆ.